ಮನೆಯಿಂದ ಆಫೀಸಿಗೆ, ಎರಡು ಪುಸ್ತಕಗಳ ದಾರಿಯಲ್ಲಿ

ನಮಸ್ಕಾರ. ನಾನು ಮಾತಾಡುತ್ತಿರುವಾಗಲೇ ಒಂದು ಕೆಲಸ ಮಾಡ್ತೀರಾ? ಒಂದು ಹಾಳೆ ತಗೊಳ್ಳಿ. ಮನೆಯಿಂದ ಕೆಲಸದ ಜಾಗಕ್ಕೆ ನೀವು ದಿನಾ ಹೋಗುವ ದಾರಿಯನ್ನು ಗೀಚಿ. ಫೋನಿನ ನಕ್ಷೆ ನೋಡಬಾರದು. ತಲೆಯಲ್ಲಿ ಏನಿದೆಯೋ ಅಷ್ಟೇ.

ಇದೇ ಕೆಲಸವನ್ನು ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್ ಊರುಗಳ ಜನರಿಂದ ಮಾಡಿಸಿದರು. ಊರಿನ ನಕ್ಷೆ ಗೀಚಿಸಿದರು, ಮನೆಯಿಂದ ಕೆಲಸಕ್ಕೆ ಹೋಗುವಾಗ ಏನೇನು ಕಾಣುತ್ತದೆ ಅಂತ ಒಂದೊಂದಾಗಿ ಹೇಳಿಸಿದರು. ಅದರಿಂದ ಹುಟ್ಟಿದ್ದು 1960ರ 'ದಿ ಇಮೇಜ್ ಆಫ್ ದ ಸಿಟಿ'. ತೆಳ್ಳಗಿನ ಪುಸ್ತಕ, ಬಸ್ಸಿನಲ್ಲೇ ಓದಿ ಮುಗಿಸಬಹುದು.

ಜನರ ತಲೆಯಲ್ಲಿರುವ ಊರು ಐದು ಬಗೆಯ ಸಾಮಾನಿನಿಂದ ಕಟ್ಟಿದ್ದು ಅನ್ನುತ್ತಾರೆ ಲಿಂಚ್. ನಾವು ಓಡಾಡುವ ದಾರಿಗಳು, ನಮ್ಮನ್ನು ತಡೆಯುವ ಅಂಚುಗಳು, ಒಂದೇ ಥರ ಕಾಣುವ ಪ್ರದೇಶಗಳು, ದಾರಿಗಳು ಕೂಡುವ ಜಾಗಗಳು, ದೂರದಿಂದಲೇ ಕಾಣುವ ಗುರುತುಗಳು. ಕೇಳೋಕೆ ಸುಲಭ, ಅಲ್ವಾ? ಮಜಾ ಇರೋದು ಇವು ಒಬ್ಬೊಬ್ಬರಿಗೆ ಒಂದೊಂದಾಗಿ ಕಾಣೋದರಲ್ಲಿ. ಬಾಸ್ಟನ್ನಿನ ನಡುವೆ ಆಗ ಕಂಬಗಳ ಮೇಲೆ ದೊಡ್ಡ ಹೆದ್ದಾರಿ ಹೋಗುತ್ತಿತ್ತು. ಕಾರಿನಲ್ಲಿ ಹೋಗುವವನಿಗೆ ಅದು ದಾರಿ, ಕೆಳಗೆ ನಡೆದು ಹೋಗುವವನಿಗೆ ಅದೇ ಗೋಡೆ. ಈಗ ನಿಮ್ಮ ಹಾಳೆ ನೋಡಿ. ರೈಲು ಹಳಿ ಬರೆದಿದ್ದೀರಾ? ರೈಲಿನಲ್ಲಿ ಹೋಗುವವರಾದರೆ ಅದನ್ನು ದಾರಿ ಅಂತ ಬರೆದಿರುತ್ತೀರಿ, ಗೇಟಿನ ಮುಂದೆ ಕಾಯುವವರಾದರೆ ಅಡ್ಡಗೆರೆ ಎಳೆದಿರುತ್ತೀರಿ.

ಹಾಳೆಯಲ್ಲಿ ಖಾಲಿ ಉಳಿದ ಭಾಗವನ್ನೂ ನೋಡಿ. ಜೆರ್ಸಿ ಸಿಟಿಯ ಜನಕ್ಕೆ ತಮ್ಮ ಊರಿನೊಳಗೆ ನೆನಪಾಗುವಂಥ ಗುರುತುಗಳು ತೀರಾ ಕಡಿಮೆ ಇದ್ದವು. ಎದ್ದು ಕಾಣುತ್ತಿದ್ದದ್ದು ಹೊಳೆಯಾಚೆಯ ನ್ಯೂಯಾರ್ಕಿನ ಎತ್ತರದ ಕಟ್ಟಡಗಳ ಸಾಲು, ಅಂದರೆ ಪಕ್ಕದ ಊರು! ಆದರೆ ಒಂದು ಮಾತು: ಲಿಂಚ್ ಕೇಳಿದ್ದು ಬಾಸ್ಟನ್ನಿನಲ್ಲಿ ಸುಮಾರು ಮೂವತ್ತು ಜನರನ್ನು, ಉಳಿದ ಎರಡು ಊರುಗಳಲ್ಲಿ ಹದಿನೈದು ಹದಿನೈದು ಜನರನ್ನು ಮಾತ್ರ. ಅದರಲ್ಲೂ ಒಳ್ಳೆಯ ಕೆಲಸದಲ್ಲಿದ್ದವರೇ ಜಾಸ್ತಿ. ಇದನ್ನು ಅವರೇ ಒಪ್ಪಿಕೊಂಡಿದ್ದಾರೆ.

ಖಾಲಿ ಜಾಗ ಯಾಕೆ ಖಾಲಿಯಾಯಿತು ಅಂತ ಕೇಳಿದರೆ ಮಾತ್ರ ಲಿಂಚ್ ಸಾಲದು. ಮರುವರ್ಷ, 1961ರಲ್ಲಿ, ಪತ್ರಕರ್ತೆ ಜೇನ್ ಜೇಕಬ್ಸ್ ಬರೆದ 'ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್' ಬೇಕಾಗುತ್ತದೆ. ದಪ್ಪ ಪುಸ್ತಕ. ಮೊದಲಿಂದ ಶುರು ಮಾಡಬೇಡಿ, ಒಂಬತ್ತನೇ ಅಧ್ಯಾಯಕ್ಕೆ ನೇರ ಹೋಗಿ.

ಅಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ನಿನ ಪಶ್ಚಿಮ 88ನೇ ಬೀದಿಯ ಒಬ್ಬ ಮನುಷ್ಯ ಬರುತ್ತಾನೆ. ಅವನ ಬೀದಿ 800 ಅಡಿ ಉದ್ದ, ಅಂದರೆ ಸುಮಾರು 240 ಮೀಟರ್, ನಡುವೆ ಒಂದು ಅಡ್ಡರಸ್ತೆಯೂ ಇಲ್ಲ. ಬಸ್ಸಿಗೋ ಅಂಗಡಿಗೋ ಹೋಗಬೇಕಾದರೆ ಒಂದು ತುದಿಗೆ, ಪಾರ್ಕಿಗೋ ನೆಲದಡಿಯ ರೈಲಿಗೋ ಹೋಗಬೇಕಾದರೆ ಇನ್ನೊಂದು ತುದಿಗೆ ನಡೆಯಬೇಕು. ಪಕ್ಕದ 87ನೇ ಮತ್ತು 89ನೇ ಬೀದಿಗೆ ಅವನು ವರ್ಷಗಟ್ಟಲೆ ಕಾಲಿಡದೇ ಇರಬಹುದು, ಅಲ್ಲಿಯವರೂ ಇವನ ಬೀದಿಗೆ ಬರೋದಿಲ್ಲ. ಹೀಗೆ ಒಂದೊಂದು ಬೀದಿಯಲ್ಲೂ ಓಡಾಡುವವರು ಅಲ್ಲಿಯವರಷ್ಟೇ, ಒಂದು ಸಣ್ಣ ಅಂಗಡಿಯನ್ನು ಸಾಕುವಷ್ಟು ಜನ ಎಲ್ಲೂ ಸೇರೋದಿಲ್ಲ. ಎಲ್ಲ ವ್ಯಾಪಾರವೂ ಕೊನೆಯ ದೊಡ್ಡ ರಸ್ತೆಗೆ ಹೋಗಿ ಗುಡ್ಡೆ ಬೀಳುತ್ತದೆ. ನಡುವೆ ಒಂದು ಅಡ್ಡಬೀದಿ ತೆಗೆದು ನೋಡಿ. ಅವನಿಗೆ ನಾಲ್ಕಾರು ದಾರಿ ಸಿಗುತ್ತವೆ, ಮೂರು ಬೀದಿಯ ಜನ ಒಂದು ಮೂಲೆಯಲ್ಲಿ ಎದುರಾಗುತ್ತಾರೆ, ಆ ಮೂಲೆಯಲ್ಲಿ ಅಂಗಡಿ ತೆರೆಯೋಕೆ ಯಾರಿಗಾದರೂ ಧೈರ್ಯ ಬರುತ್ತದೆ.

ಬರೀ ಅಡ್ಡಬೀದಿ ಸಾಕಾ? ಸಾಲದು ಅನ್ನುತ್ತಾರೆ ಜೇಕಬ್ಸ್. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕೆಲಸಕ್ಕೆ ಬರುವ ಜನ ಬೇಕು. ಮತ್ತೆ ಹಳೇ ಕಟ್ಟಡಗಳು ಬೇಕು, ಇದು ನನಗೆ ತುಂಬಾ ಹಿಡಿಸಿದ ಮಾತು. ಹೊಸ ಕಟ್ಟಡದ ಸಾಲ ತೀರಬೇಕಾದರೆ ಬಾಡಿಗೆ ಜಾಸ್ತಿ ಇರಲೇಬೇಕು, ಅದನ್ನು ಕೊಡೋಕೆ ಬ್ಯಾಂಕಿಗೋ ದೊಡ್ಡ ಅಂಗಡಿಗೋ ಮಾತ್ರ ಆಗುತ್ತದೆ. ಚಪ್ಪಲಿ ರಿಪೇರಿಯವನಿಗೆ ಸಾಲ ತೀರಿದ ಹಳೇ ಕಟ್ಟಡವೇ ಗತಿ. ತಮಾಷೆ ಅಂದರೆ, ಇದೆಲ್ಲ ಕೂಡಿ ಬಂದು ಬೀದಿ ಕಳೆಗಟ್ಟಿದ ಕೂಡಲೇ ಬಾಡಿಗೆ ಏರುತ್ತದೆ, ಅದನ್ನು ಕಳೆಗಟ್ಟಿಸಿದವರೇ ಖಾಲಿ ಮಾಡಬೇಕಾಗುತ್ತದೆ. ಅದಕ್ಕೂ ಅವರು ಒಂದು ಅಧ್ಯಾಯ ಇಟ್ಟಿದ್ದಾರೆ, ಹದಿಮೂರನೆಯದು. ಅವರು ಹೇಳುವ ಪರಿಹಾರ ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ, ರೋಗ ಗುರುತಿಸಿದ ಬಗೆ ಮಾತ್ರ ಸರಿಯಾಗಿದೆ.

ಈಗ ಆ ಹಾಳೆ ಮತ್ತೆ ತಗೊಳ್ಳಿ. ಖಾಲಿ ಉಳಿದ ಭಾಗದ ಹತ್ತಿರ ನಾಳೆ ಒಂದು ಸ್ಟಾಪ್ ಮೊದಲೇ ಇಳಿದು ನಡೆಯಿರಿ. ಅಡ್ಡರಸ್ತೆ ಸಿಗೋಕೆ ಎಷ್ಟು ಹೆಜ್ಜೆ ಬೇಕಾಯಿತು ಅಂತ ಎಣಿಸಿ. ಮುನ್ನೂರು ದಾಟಿದರೆ ನೀವಿರೋದು ಆ 88ನೇ ಬೀದಿಯಲ್ಲೇ.