40 ಲೀಟರ್ ಬ್ಯಾಗಿಗೆ ಕಡ್ಲೆಪುರಿ, ಆಮೇಲೆ ಜಿಪ್ಪಿನ ವಿಚಾರ

ನಮಸ್ಕಾರ, ತುಮಕೂರಿನಿಂದ. ಟೇಬಲ್ ಮೇಲಿರುವ ಈ ನೀಲಿ ಬ್ಯಾಗ್ ನೋಡಿ. ಎಂ.ಜಿ. ರಸ್ತೆಯಲ್ಲಿ ತಮ್ಮನಿಗೆ ಅಂತ ತಂದಿದ್ದು. ಅವನು ಬೆಂಗಳೂರಿನ ಪಿ.ಜಿ.ಯಲ್ಲಿರುತ್ತಾನೆ. ಶನಿವಾರ ರೈಲಿನಲ್ಲಿ ಬರುತ್ತಾನೆ, ಸೋಮವಾರ ಬೆಳಗ್ಗೆ ಬಟ್ಟೆ, ಲ್ಯಾಪ್‌ಟಾಪ್, ಅಮ್ಮ ಕೊಟ್ಟ ಚಟ್ನಿಪುಡಿ ಎಲ್ಲ ತುಂಬಿಕೊಂಡು ಹೊರಡುತ್ತಾನೆ. ಚೀಟಿಯಲ್ಲಿ 40 ಲೀಟರ್ ಅಂತ ಬರೆದಿದೆ. ಆ 40 ಬ್ಯಾಗಿನಲ್ಲಿ ಎಲ್ಲೆಲ್ಲಿದೆ ಅಂತ ಮೊದಲು ಹುಡುಕೋಣ.

ಬ್ಯಾಗ್ ತಯಾರಿಸುವವರು ಇದನ್ನು ಅಳೆಯಲು ಒಂದು ದಾರಿ ಇದೆ. ಒಳಗೆ ಸಣ್ಣ ಪ್ಲಾಸ್ಟಿಕ್ ಗುಂಡು ತುಂಬುತ್ತಾರೆ, ಆಮೇಲೆ ಅವನ್ನು ಅಳತೆ ಪಾತ್ರೆಗೆ ಸುರಿಯುತ್ತಾರೆ. ನಮ್ಮ ಹತ್ತಿರ ಗುಂಡು ಎಲ್ಲಿಂದ ಬರಬೇಕು? ಕಡ್ಲೆಪುರಿ ಇದೆಯಲ್ಲ! ಹಗುರ, ಮೂಲೆಗೂ ಹೋಗಿ ಕೂರುತ್ತದೆ, ಭಾರಕ್ಕೆ ಬಟ್ಟೆ ಜೋತು ಬೀಳುವುದಿಲ್ಲ. ಲೀಟರ್ ಅಳತೆ ಡಬ್ಬದಲ್ಲಿ ಒಂದೊಂದೇ ಸುರಿಯುತ್ತಿದ್ದೇನೆ, ನೋಡಿ.

ದೊಡ್ಡ ಅರೆಗೆ ಹಿಡಿಸಿದ್ದು 26 ಲೀಟರ್. ಟೇಪ್ ಹಿಡಿದು ಅಳೆದರೆ 48 ಸೆಂ.ಮೀ. ಎತ್ತರ, 30 ಅಗಲ, 20 ಆಳ. ಗುಣಿಸಿ ಸಾವಿರದಿಂದ ಭಾಗಿಸಿದರೆ 28.8 ಬರುತ್ತದೆ. ಮೇಲ್ಭಾಗ ದುಂಡಗಿದೆ, ಹಾಗಾಗಿ ಅಷ್ಟು ಕಮ್ಮಿ. ಮುಂದಿನ ಅರೆ 6, ಅದರ ಮೇಲಿನ ಪುಟ್ಟ ಜೇಬು 2, ಲ್ಯಾಪ್‌ಟಾಪ್ ಅರೆ 3. ಎರಡು ಪಕ್ಕದಲ್ಲೂ ಒಂದೊಂದು ಲೀಟರ್ ಬಾಟಲಿ ಇಡುವ ಜೇಬು. ಎಲ್ಲ ಕೂಡಿದರೆ 39. ಅಂದರೆ ಚೀಟಿ ಸುಳ್ಳಲ್ಲ. ಆದರೆ ಬಟ್ಟೆಗೆ ಸಿಗುವ ಜಾಗ 26 ಮಾತ್ರ.

ಇನ್ನೊಂದು ವಿಷಯ. ಮುಂದಿನ ಅರೆ ಮತ್ತು ದೊಡ್ಡ ಅರೆಯ ಮಧ್ಯೆ ಇರುವುದು ತೆಳು ಬಟ್ಟೆಯ ಗೋಡೆ. ಮುಂದಿನದರಲ್ಲಿ ಚಾರ್ಜರ್, ಟಿಫನ್ ಡಬ್ಬ ತುರುಕಿದರೆ ಆ ಗೋಡೆ ಒಳಗೆ ಉಬ್ಬಿ ದೊಡ್ಡ ಅರೆಯ ಜಾಗವನ್ನೇ ತಿನ್ನುತ್ತದೆ. ಅಂಗಡಿಯಲ್ಲಿ ಅರೆಗಳನ್ನು ಒಂದೊಂದಾಗಿ ಅಲ್ಲ, ಎಲ್ಲವನ್ನೂ ಒಟ್ಟಿಗೆ ತುಂಬಿ ನೋಡಿ.

ಬಟ್ಟೆ 600 ಡಿ ಪಾಲಿಯೆಸ್ಟರ್. ಡಿ ಅಂದರೆ ಡೆನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನೋ ಲೆಕ್ಕ. ಇದರಲ್ಲಿ 600 ಗ್ರಾಂ. ಇದು ನೂಲಿನ ದಪ್ಪ ಹೇಳುತ್ತದೆ ಅಷ್ಟೇ, ಗಟ್ಟಿತನ ಪೂರ್ತಿ ಹೇಳುವುದಿಲ್ಲ. ನೈಲಾನ್ ಆದರೆ ಇದಕ್ಕಿಂತ ಕಮ್ಮಿ ಡೆನಿಯರ್ ಇದ್ದರೂ ಉಜ್ಜಾಟ ಚೆನ್ನಾಗಿ ತಡೆಯುತ್ತದೆ. ತಮ್ಮನ ಓಡಾಟಕ್ಕೆ ಇದು ಸಾಕು.

ಈಗ ಜಿಪ್. ಬ್ಯಾಗ್ ಹಾಳಾಗುವುದು ಬಹುತೇಕ ಇಲ್ಲಿಂದಲೇ. ರನ್ನರ್ ತಿರುಗಿಸಿ ಹಿಂಭಾಗ ನೋಡಿ, ಕ್ಯಾಮೆರಾ ಹತ್ತಿರ ತರುತ್ತೇನೆ. 8 ಅಂತ ಇದೆ, ಅಲ್ವಾ? ಜಿಪ್ ಮುಚ್ಚಿದಾಗ ಹಲ್ಲಿನ ಸಾಲಿನ ಅಗಲ ಸುಮಾರು ಅಷ್ಟು ಮಿ.ಮೀ. ಇರುತ್ತದೆ. ಪುಟ್ಟ ಜೇಬಿಗೆ 5 ಸಾಕು. ದೊಡ್ಡ ಅರೆಗೆ 8 ಅಥವಾ 10 ಇರಲಿ ಅಂತ ನನ್ನ ಹಟ. ದೊಡ್ಡ ಅರೆಗೂ 5 ಹಾಕಿದ ಬ್ಯಾಗ್ ಅಲ್ಲೇ ಇತ್ತು, ಬಣ್ಣ ಬಹಳ ಚೆನ್ನಾಗಿತ್ತು, ಬಿಟ್ಟು ಬಂದೆ.

ಇದು ಕಾಯಿಲ್ ಜಿಪ್. ಇಲ್ಲಿ ಬಿಡಿಬಿಡಿ ಹಲ್ಲು ಇಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಯನ್ನು ಸುರುಳಿ ಮಾಡಿ ಪಟ್ಟಿಗೆ ಹೊಲಿದಿರುತ್ತಾರೆ. ಅದಕ್ಕೇ ಮೂಲೆಯಲ್ಲಿ ಸಲೀಸಾಗಿ ಬಾಗುತ್ತದೆ. ಆದರೂ ಬ್ಯಾಗ್ ತುಂಬಿದಾಗ ಜಾಸ್ತಿ ಎಳೆತ ಬೀಳುವುದು ಮೂಲೆಗೇ. ಹಾಗಾಗಿ ತುಂಬಿದ ಮೇಲೆ ಮೂಲೆಯಲ್ಲೇ ಎಳೆದು ನೋಡಬೇಕು. ಆಮೇಲೆ ಒಳಗಡೆ ತಿರುಗಿಸಿ. ಹೊಲಿಗೆ ಬಟ್ಟೆಯ ಅಂಚಿಗೆ ತೀರಾ ಹತ್ತಿರವಿದ್ದು, ನೂಲು ಬಿಚ್ಚಿಕೊಂಡು ನೇತಾಡುತ್ತಿದ್ದರೆ ಜಿಪ್ ಎಷ್ಟು ಗಟ್ಟಿ ಇದ್ದೂ ಪ್ರಯೋಜನ ಇಲ್ಲ. ಪಟ್ಟಿಯೇ ಕಿತ್ತು ಬರುತ್ತದೆ. ಇದರಲ್ಲಿ ಅಂಚಿಗೆ ಪಟ್ಟಿ ಮಡಿಸಿ ಹೊಲಿದಿದ್ದಾರೆ, ನನಗೆ ತುಂಬ ಹಿಡಿಸಿದ್ದು ಅದೇ.

ತಮ್ಮನ ಹಳೇ ಬ್ಯಾಗಿನಲ್ಲಿ ರನ್ನರ್ ಮುಂದೆ ಹೋಗುತ್ತಿತ್ತು, ಹಿಂದೆ ಜಿಪ್ ಬಾಯಿ ಬಿಡುತ್ತಿತ್ತು. ರಿಪೇರಿ ಅಂಗಡಿಗೆ ಒಯ್ದೆ. "ಜಿಪ್‌ಗೆ ಏನೂ ಆಗಿಲ್ಲ ಅಕ್ಕ, ರನ್ನರ್ ಸವೆದಿದೆ" ಅಂದರು. ದೂಳು ಸೇರಿದ ಜಿಪ್ ಎಳೆದೂ ಎಳೆದೂ ರನ್ನರಿನ ಒಳಗಿನ ಸಂದು ಅಗಲವಾಗುತ್ತದಂತೆ. ಆಗ ಎರಡು ಸಾಲನ್ನು ಒತ್ತಿ ಸೇರಿಸಲು ಆಗುವುದಿಲ್ಲ. ಇಕ್ಕಳದಲ್ಲಿ ಎರಡೂ ಪಕ್ಕ ಮೆಲ್ಲಗೆ ಒತ್ತಿದರೆ ಸ್ವಲ್ಪ ದಿನ ಓಡುತ್ತದೆ. ಜೋರಾಗಿ ಒತ್ತಿದರೆ ಮುರಿಯುತ್ತದೆ. ಅವರು ಅದೇ ನಂಬರಿನ ಹೊಸ ರನ್ನರ್ ಹಾಕಿಕೊಟ್ಟರು, ಜಿಪ್ ಬಿಚ್ಚಲೇ ಇಲ್ಲ. ಆದರೆ ಸುರುಳಿಯೇ ಚಪ್ಪಟೆಯಾಗಿದ್ದರೆ ಅಥವಾ ಪಟ್ಟಿಯಿಂದ ಕಿತ್ತಿದ್ದರೆ ಹೊಸ ರನ್ನರ್ ಉಪಯೋಗಕ್ಕೆ ಬರುವುದಿಲ್ಲ, ಜಿಪ್ ಪೂರ್ತಿ ಬದಲಿಸಬೇಕು.