ಗ್ಯಾಸ್‌ಲೈಟಿಂಗ್ ಅಂದ್ರ ಏನ್ರಿ? ಪುಂಡಿಪಲ್ಯದಾಗ ಉಪ್ಪಿಲ್ಲ ಅಂದ್ರೂ ಅದೇನಾ?

ನಮಸ್ಕಾರ್ರಿ ಎಲ್ಲರಿಗೂ, ಕಲಬುರಗಿಯಿಂದ. ಒಬ್ಬ ಅಕ್ಕಾರು ಮೆಸೇಜ್ ಹಾಕ್ಯಾರ, "ತಮ್ಮಾ, ನಾ ಪುಂಡಿಪಲ್ಯ ಮಾಡಿದ್ದೆ, ನಮ್ಮ ಮನ್ಯಾಗಿನವರು ಉಪ್ಪಿಲ್ಲ ಅಂದ್ರು, ಹಾಕೀನಿ ಅಂದೆ, ಇಲ್ಲ ನೀ ಮರ್ತಿ ಅಂದ್ರು, ಮೊಬೈಲ್‌ನಾಗ ಓದಿದೆ, ಇದಕ್ಕ ಗ್ಯಾಸ್‌ಲೈಟಿಂಗ್ ಅಂತಾರಂತ, ಖರೇನಾ?" ಅಕ್ಕಾ, ಮೊದಲ ಪಲ್ಯ ರುಚಿ ನೋಡ್ರಿ. ಉಪ್ಪಿಲ್ಲಂದ್ರ ಅವರು ಗೆದ್ರು, ಇದ್ರ ನೀವು ಗೆದ್ರಿ, ಊಟ ಮಾಡ್ರಿ.

ಆದ್ರ ಪ್ರಶ್ನೆ ಛಲೋ ಅದ. ಯಾಕಂದ್ರ ಗಂಡ ಹೆಂಡತಿ, ಲವ್ ಬ್ರೇಕಪ್ ಬಗ್ಗೆ ಯಾವ ಆರ್ಟಿಕಲ್ ತೆಗೀರಿ, ಈ ಪದ ಇದ್ದೇ ಇರ್ತದ, ಮೆರಿಯಂ ವೆಬ್‌ಸ್ಟರ್ ಡಿಕ್ಷನರಿಯವರು 2022ರ ವರ್ಷದ ಪದ ಅಂತ ಇದನ್ನೇ ಆರಿಸಿದ್ರು. ಅರ್ಥ ಇಷ್ಟೇ, ನೀವು ಕಂಡದ್ದು, ಕೇಳಿದ್ದು, ನೆನಪಿಟ್ಟದ್ದು ಎಲ್ಲಾ ನಿಮ್ಮ ತಲಿಯ ಭ್ರಮೆ ಅಂತ ನೀವೇ ನಂಬೋ ಹಂಗ ಒಬ್ಬರು ದಿನಾ ದಿನಾ, ಸಣ್ಣಗ ಸಣ್ಣಗ ಮಾಡೋದು. ಮುಂದ ಹೋಗೂಣು.

ಈ ಪದ ಎಲ್ಲಿಂದ ಬಂತು ಅನ್ನೋದು ನನಗ ಭಾಳ ಸೇರ್ತದ, ಅದಕ್ಕ ಇಲ್ಲಿ ಸ್ವಲ್ಪ ಕೂಡ್ತೀನಿ. ಪ್ಯಾಟ್ರಿಕ್ ಹ್ಯಾಮಿಲ್ಟನ್ ಅಂತ ಒಬ್ಬ ಇಂಗ್ಲಿಷ್ ಲೇಖಕ 1938ರಾಗ 'ಗ್ಯಾಸ್ ಲೈಟ್' ಅಂತ ನಾಟಕ ಬರೆದ, 1944ರಾಗ ಹಾಲಿವುಡ್‌ನವರು ಅದನ್ನ ಸಿನಿಮಾ ಮಾಡಿದ್ರು, ಇಂಗ್ರಿಡ್ ಬರ್ಗ್‌ಮನ್ ಹೆಂಡತಿ ಪಾತ್ರ ಮಾಡಿ ಆಸ್ಕರ್ ತಗೊಂಡ್ರು. ಸಿನಿಮಾದ ಕತಿ ಏನಂದ್ರ, ಹೆಂಡತಿಯನ್ನ ಸಾಕಿ ಬೆಳೆಸಿದ ಸಂಬಂಧಿ ಹೆಣ್ಣುಮಗಳು ಕೊಲೆ ಆಗಿರ್ತಾಳ, ಆ ಹೆಣ್ಣುಮಗಳ ಒಡವಿ ಮನ್ಯಾಗ ಎಲ್ಲೋ ಅದಾವ, ಗಂಡ ರಾತ್ರಿ ಹೊರಗ ಹೋಗ್ತೀನಿ ಅಂತ ಹೇಳಿ ಪಕ್ಕದ ಖಾಲಿ ಮನಿಯಿಂದ ಹತ್ತಿ ಕಳ್ಳನಂಗ ತನ್ನ ಮನಿ ಅಟ್ಟಕ್ಕ ಬಂದು ಹುಡುಕ್ತಾನ. ಅಟ್ಟದಾಗ ಗ್ಯಾಸ್ ದೀಪ ಹಚ್ಚಿದ ಕೂಡ್ಲೇ ಕೆಳಗ ಹೆಂಡತಿ ರೂಮಿನ ದೀಪ ಮಂದ ಆಗ್ತದ.

ಯಾಕ ಮಂದ ಆಗ್ತದ? ಇದು ನಮ್ಮ ಕಲಬುರಗಿ ಮಂದಿಗೆ ಹೇಳ್ಕೊಡೋದೇ ಬ್ಯಾಡ. ಮ್ಯಾಲಿನ ಮನಿಯವರು ಬೋರ್ ಮೋಟಾರ್ ಹಚ್ಚಿದ್ರ ನಿಮ್ಮ ಬಲ್ಬ್ ಸಣ್ಣಗ ಆಗ್ತದಲ್ಲ, ಬ್ಯಾಸಿಗ್ಯಾಗ ಕೂಲರ್ ಹಚ್ಚಿದ್ರ ಫ್ಯಾನು ಉಸ್ಸಂತದಲ್ಲ, ಅದೇ ಲೆಕ್ಕ. ಆ ಕಾಲದಾಗ ವೈರ್ ಇರಲಿಲ್ಲ, ಗೋಡಿಯೊಳಗ ಗ್ಯಾಸಿನ ಪೈಪು, ಇನ್ನೊಂದು ದೀಪ ಹಚ್ಚಿದ್ರ ಪ್ರೆಷರ್ ಇಳೀತದ, ಮೊದಲಿನ ದೀಪ ಬಾಡ್ತದ. ಈಗ ಮಜಾ ಕೇಳ್ರಿ. ಹೆಂಡತಿಗೆ ಹುಚ್ಚು ಹಿಡಿಸ್ಲಿಕ್ಕೆ ಗಂಡ ಬೇಕಂತಲೇ ದೀಪ ಸಣ್ಣ ಮಾಡ್ತಾನ ಅಂತ ಎಷ್ಟೋ ಆರ್ಟಿಕಲ್‌ನಾಗ ಬರ್ದಾರ. ತಪ್ಪು! ದೀಪ ಮಂದ ಆಗೋದು ಅವನ ಪ್ಲಾನೇ ಅಲ್ಲ, ಅವನು ಬಿಟ್ಟು ಹೋದ ಸುಳಿವು ಅದು. ಕಡಿಗೆ ಪೊಲೀಸ್ ಅಧಿಕಾರಿ ಅದೇ ರೂಮಿಗೆ ಬಂದು ದೀಪ ಇಳಿಯೋದು ತಾನೂ ನೋಡ್ತಾನ, ಆವಾಗ ಅಕಿಗೆ ಜೀವ ಬಂದಂಗ ಆಗ್ತದ, ಯಾಕಂದ್ರ ಅದು ಅಕಿ ತಲಿಯೊಳಗ ಇರಲಿಲ್ಲ, ಗೋಡಿ ಮ್ಯಾಲ ಇತ್ತು.

ಹಂಗಾದ್ರ ಗಂಡನ ಖರೇ ಆಟ ಯಾವುದು? ಒಂದು ಬ್ರೋಚ್, ಸೀರಿಗೆ ಹಚ್ಚೋ ಪಿನ್ ಇದ್ದಂಗ, ಅಕಿ ಚೀಲದಾಗ ಇಟ್ಟಂಗ ಮಾಡಿ ತಾನೇ ತಗೊಳ್ತಾನ, ಆಮ್ಯಾಲ "ಕಳ್ಕೊಂಡಿಯಾ, ನಿನಗ ಮರಿವು ಜಾಸ್ತಿ ಆಗ್ಯಾದ" ಅಂತಾನ. ಗೋಡಿ ಮ್ಯಾಲಿನ ಚಿತ್ರ ತಾನೇ ತೆಗೆದು ಮುಚ್ಚಿಟ್ಟು ಅಕಿನೇ ತೆಗೆದಾಳ ಅಂತಾನ. ಅಕಿ ಹೊರಗ ಹೋಗ್ದಂಗ, ಯಾರ್ನೂ ಭೆಟ್ಟಿ ಆಗ್ದಂಗ ನೋಡ್ಕೊಳ್ತಾನ. ಗ್ಯಾಸ್‌ಲೈಟಿಂಗ್ ಅನ್ನೋಕಿಂತ ಬ್ರೋಚಿಂಗ್ ಅನ್ಬೇಕಿತ್ತು ಅಂತ ನಾ ಎಷ್ಟ್ ಸಲ ಹೇಳೀನಿ, ನಮ್ಮ ಕ್ಯಾಮೆರಾ ಹುಡುಗ ನಗ್ತಾನ.

ಈಗ ನಮ್ಮೂರಿಗೆ ಬರ್ರಿ. ಎರಡು ಮನಿ ಅಂತ ತಿಳ್ಕೊಳ್ರಿ, ನಾನೇ ಕಟ್ಟಿದ ಕತಿ.

ಒಂದನೇ ಮನಿ. ಬೀದರ್‌ನಾಗ ಲಗ್ನ, ಗಂಡ ಶುಕ್ರವಾರ ಅಂತಾನ, ಹೆಂಡತಿ ಶನಿವಾರ ಅಂತಾಳ, "ನೀನೇ ಶುಕ್ರವಾರ ಅಂದಿದ್ದಿ", "ನಾ ಯಾವಾಗ ಅಂದೀನ್ರಿ", ಧ್ವನಿ ಏರ್ತದ, ಪಕ್ಕದ ಮನಿಗೂ ಕೇಳಸ್ತದ. ಕಡಿಗೆ ಲಗ್ನಪತ್ರಿಕಿ ತೆಗೆದ್ರು, ನೋಡಿದ್ರ ರವಿವಾರ. ಇಬ್ಬರೂ ತಪ್ಪು, ಮುಖ ಸಣ್ಣ ಮಾಡ್ಕೊಂಡು ಚಾ ಕುಡಿದ್ರು. ಜಗಳ ಜೋರೇ ಇತ್ತು, ಆದ್ರ ಅದು ತಾರೀಖಿನ ಮ್ಯಾಲಿತ್ತು, ಪತ್ರಿಕಿ ತೆಗಿಯೋದಕ್ಕ ಇಬ್ಬರೂ ಒಪ್ಪಿದ್ರು.

ಎರಡನೇ ಮನಿ. ಹೆಂಡತಿ ಸಂಘದ ಹಣ 12 ಸಾವಿರ ಬೀರುದಾಗ ಇಟ್ಟಾಳ, ನೋಡಿದ್ರ 7 ಸಾವಿರ. ಕೇಳಿದ್ರ ಗಂಡ, "ಅಲ್ಲಿ ಇದ್ದದ್ದೇ 7, ನಿನಗ ಎಣಿಸ್ಲಿಕ್ಕೆ ಎಲ್ಲಿ ಬರ್ತದ" ಅಂತಾನ. ಅಕಿ, "ಸಂಘದ ಪುಸ್ತಕ ನೋಡೂಣು ಬರ್ರಿ" ಅಂದ್ರ, "ಪುಸ್ತಕ ಯಾಕ, ಹೆರಿಗಿ ಆದಮ್ಯಾಲ ನಿನ್ನ ತಲಿನೇ ಸರಿ ಇಲ್ಲ, ಬೇಕಾದ್ರ ನಿಮ್ಮವ್ವನ್ನ ಕೇಳು" ಅಂತಾನ. ಮುಂದಿನ ವಾರ ಅಕಿ ಅವ್ವಗೆ ಅಂವ ಮೊದಲೇ ಫೋನ್ ಹಚ್ಚಿ, "ಅತ್ತಿ, ಇತ್ತಿತ್ತಲಾಗ ಏನೇನೋ ಮಾತಾಡ್ತಾಳ, ಎಲ್ಲಿರೆ ತೋರಿಸ್ಬೇಕು" ಅಂದಿರ್ತಾನ. ನಾಕು ತಿಂಗಳಿಗೆ ಅಕಿ ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ಮೂರು ಸಲ ನೋಡ್ತಾಳ, ಹಣ ಎಣಿಸೋಮುಂದ ಫೋಟೋ ತೆಕ್ಕೊಳ್ತಾಳ, ಫೋಟೋ ನೋಡಿದ ಮ್ಯಾಲೂ ನಾನೇ ತಪ್ಪೇನೋ ಅಂತಾಳ.

5 ಸಾವಿರ ತಗೊಂಡು ಇಲ್ಲ ಅಂದದ್ದು ಬರೇ ಸುಳ್ಳು. ಸುಳ್ಳು ಹೇಳಿದ್ರೆಲ್ಲಾ ಗ್ಯಾಸ್‌ಲೈಟಿಂಗ್ ಆಗಲ್ಲ, ಹಂಗಾದ್ರ ನಮ್ಮೂರಾಗ ಯಾರೂ ಉಳಿಯಲ್ಲ. ಜಗಳ ಹಣದಿಂದ ಜಿಗದು ಅಕಿ ತಲಿ ಮ್ಯಾಲ ಬಂತಲ್ಲ, ಪುಸ್ತಕ ತೆಗೀಬ್ಯಾಡ ಅಂದ್ನಲ್ಲ, ಅಕಿ ಮಾತು ನಂಬೋರನ್ನ ಮೊದಲೇ ಕೆಡಿಸಿಟ್ನಲ್ಲ, ಅದನ್ನೇ ತಿರುಗಿ ತಿರುಗಿ ಮಾಡಿದ್ನಲ್ಲ, ಅಲ್ಲಿ ಸುಳ್ಳು ಗ್ಯಾಸ್‌ಲೈಟಿಂಗ್ ಆತು. "ಹೆರಿಗಿ ಆದಮ್ಯಾಲ ತಲಿ ಸರಿ ಇಲ್ಲ" ಅನ್ನೋ ಮಾತು ಯಾಕ ಇಷ್ಟು ಲಗೂ ನಾಟ್ತದ ಅಂದ್ರ, ಹೆಣ್ಣುಮಕ್ಕಳ ಬಗ್ಗೆ ಹಂಗ ನಂಬ್ಲಿಕ್ಕೆ ಓಣಿ ಮಂದಿ ಮೊದಲೇ ತಯಾರ ಇರ್ತಾರ, ಗಂಡ ಹೊಸದು ಏನೂ ಹುಟ್ಟಿಸೋ ಗರಜೇ ಇಲ್ಲ. ಗಂಡಸರಿಗೂ ಇದು ಆಗ್ತದ, ಅತ್ತಿ ಸೊಸಿಗೂ, ಆಫೀಸಿನಾಗೂ.

ಟೈಮ್ ಆಗ್ಲಾಕತ್ತದ, ಉಳಿದದ್ದು ಲಗೂ ಹೇಳ್ತೀನಿ. ಇದು ಡಾಕ್ಟರ್ ಬರೆದುಕೊಡೋ ರೋಗದ ಹೆಸರಲ್ಲ, ನಡತಿಯ ಹೆಸರು. ಬೇಕಂತಲೇ ಮಾಡಿದ್ರ ಮಾತ್ರ ಗ್ಯಾಸ್‌ಲೈಟಿಂಗಾ, ತನ್ನ ತಪ್ಪು ಮುಚ್ಚಲಿಕ್ಕೆ ಗೊತ್ತಿಲ್ದಂಗ ಮಾಡಿದ್ರೂನಾ ಅಂತ ಓದಿದವರಾಗೇ ಜಗಳ ಅದ. ಇನ್ನ ಗಂಡ "ಇಲ್ಲ, ನನಗ ನೆನಪೇ ಬ್ಯಾರೆ ಅದ" ಅಂದ ಕೂಡ್ಲೇ "ನೀ ಗ್ಯಾಸ್‌ಲೈಟ್ ಮಾಡ್ತಿ" ಅಂತ ಬಾಯಿ ಮುಚ್ಚಿಸೋದು ಸರಿ ಅಲ್ಲ, ಅದು ಲಗ್ನಪತ್ರಿಕಿ ತೆಗಿಯಂಗಿಲ್ಲ ಅಂತ ಹಟ ಹಿಡಿದಂಗ. ಎರಡನೇ ಮನಿಯಂಥಾದ್ದು ನಡದಿದ್ರ ತಾರೀಖು ಹಾಕಿ ಬರೆದಿಡ್ರಿ, ಆ ಪುಸ್ತಕ ಮನಿ ಹೊರಗ, ನಂಬೋರ ಕಡೆ ಇರ್ಲಿ. ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಅದ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆದಾಗ ಹೊಡೆತ ಅಷ್ಟೇ ಅಲ್ಲ, ಮಾತಿನಿಂದ, ಮನಸ್ಸಿಗೆ ಕೊಡೋ ಹಿಂಸೆನೂ ಸೇರ್ಯಾದ.

ಅರೆ, ಲೈಟ್ ಮಂದ ಆತಲ್ಲ. ನಿನಗೂ ಕಾಣಸ್ತೇನಪಾ?

(ಕ್ಯಾಮೆರಾ ಹಿಂದಿನಿಂದ) ಹೂಂರಿ ಅಣ್ಣಾ, ಮ್ಯಾಲಿನವರು ಮೋಟಾರ್ ಹಚ್ಚ್ಯಾರ.