ಎರಡಕ್ಕೆ ಒಂದು ಅಂಕ ಬಂದ ಇಬ್ಬರು ಮಕ್ಕಳು

ನಮಸ್ಕಾರ. ಶಿಕ್ಷಕರ ತರಬೇತಿಗೆ ಈಗಷ್ಟೇ ಸೇರಿದವರಿಗಾಗಿ ಇವತ್ತಿನ ಮಾತು. ರೂಪಣಾತ್ಮಕ ಮೌಲ್ಯಮಾಪನಕ್ಕೂ ಸಂಕಲನಾತ್ಮಕ ಮೌಲ್ಯಮಾಪನಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ಎಲ್ಲರೂ ಥಟ್ಟನೆ ಹೇಳುತ್ತಾರೆ: ಒಂದು ಪಾಠದ ನಡುವೆ ಮಾಡುವುದು, ಇನ್ನೊಂದು ಪಾಠ ಮುಗಿದ ಮೇಲೆ. ಒಂದು ಚಿಕ್ಕದು, ಇನ್ನೊಂದು ದೊಡ್ಡದು. ಉತ್ತರ ಪತ್ರಿಕೆಯಲ್ಲಿ ಇಷ್ಟು ಬರೆದರೆ ಅಂಕ ಸಿಗಬಹುದು. ಆದರೆ ನಲವತ್ತು ಮಕ್ಕಳ ಮುಂದೆ ನಿಂತಾಗ ಇದರಿಂದ ಏನೂ ಪ್ರಯೋಜನವಿಲ್ಲ.

ನನ್ನ ಪ್ರಕಾರ ವ್ಯತ್ಯಾಸ ಇರುವುದು ಒಂದೇ ಕಡೆ. ಮಕ್ಕಳ ಉತ್ತರ ನಿಮ್ಮ ಕೈಗೆ ಬಂದ ಮೇಲೆ ನೀವು ಏನು ಮಾಡುತ್ತೀರಿ? ಅದನ್ನು ನೋಡಿ ನಾಳೆಯ ಪಾಠ ಬದಲಾದರೆ ಅದು ರೂಪಣಾತ್ಮಕ. ಮಗು ಇಲ್ಲಿಯವರೆಗೆ ಎಷ್ಟು ಕಲಿತಿದೆ ಅಂತ ಬರೆದಿಟ್ಟು, ಪೋಷಕರಿಗೋ ಮುಂದಿನ ತರಗತಿಗೋ ತಿಳಿಸಿದರೆ ಅದು ಸಂಕಲನಾತ್ಮಕ. ಪ್ರಶ್ನೆ ಎರಡಕ್ಕೂ ಒಂದೇ ಇರಬಹುದು. ಮೈಕೆಲ್ ಸ್ಕ್ರಿವೆನ್ 1967ರಲ್ಲಿ ಈ ಎರಡು ಹೆಸರುಗಳನ್ನು ಬೇರೆ ಮಾಡಿ ಹೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಪಠ್ಯಕ್ರಮಗಳ ಪರಿಶೀಲನೆ. ಆಮೇಲೆ ಬೆಂಜಮಿನ್ ಬ್ಲೂಮ್ ಅದನ್ನು ಮಕ್ಕಳ ಕಲಿಕೆಗೆ ತಂದರು. ಇತಿಹಾಸ ಇಷ್ಟು ಸಾಕು. ಈಗ ತರಗತಿಗೆ ಹೋಗೋಣ.

ದಶಮಾಂಶದ ಪಾಠ ನಡೆಯುತ್ತಿದೆ ಅಂದುಕೊಳ್ಳಿ. ಪೀರಿಯಡ್ ಮುಗಿಯಲು ಐದು ನಿಮಿಷ ಇದೆ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆಯಿರಿ. ಒಂದು, 0.35 ಮತ್ತು 0.4, ಇವುಗಳಲ್ಲಿ ಯಾವುದು ದೊಡ್ಡದು? ಎರಡು, 0.62 ಮತ್ತು 0.5, ಇವುಗಳಲ್ಲಿ ಯಾವುದು ದೊಡ್ಡದು? ಪ್ರತಿ ಉತ್ತರದ ಕೆಳಗೆ, ಹೇಗೆ ಗೊತ್ತಾಯಿತು ಅಂತ ಒಂದು ಸಾಲು ಬರೆಯಬೇಕು. ಚೀಟಿಯ ಮೇಲೆ ಹೆಸರು ಇರಲಿ.

ಈ ಎರಡು ಪ್ರಶ್ನೆಗಳನ್ನು ಸುಮ್ನೆ ಆರಿಸಿದ್ದಲ್ಲ. ದಶಮಾಂಶ ಕಲಿಯುವಾಗ ಮಕ್ಕಳು ಎರಡು ಬೇರೆ ಬೇರೆ ದಾರಿಯಲ್ಲಿ ತಪ್ಪುತ್ತಾರೆ. ಕೆಲವರು ಬಿಂದುವಿನ ಆಚೆಗಿರುವುದನ್ನು ಪೂರ್ಣ ಸಂಖ್ಯೆಯಂತೆ ಓದುತ್ತಾರೆ. 35 ಅಂದರೆ 4ಕ್ಕಿಂತ ದೊಡ್ಡದು, ಹಾಗಾಗಿ 0.35 ದೊಡ್ಡದು ಅನ್ನುತ್ತಾರೆ. ಇವರಿಗೆ ಮೊದಲನೆಯದು ತಪ್ಪಾಗುತ್ತದೆ, ಎರಡನೆಯದು ಸರಿಯಾಗುತ್ತದೆ. ಇನ್ನು ಕೆಲವರು ಸ್ಥಾನಬೆಲೆಯನ್ನು ಅರ್ಧ ಮಾತ್ರ ಹಿಡಿದಿರುತ್ತಾರೆ. ಹತ್ತನೇ ಭಾಗ ನೂರನೇ ಭಾಗಕ್ಕಿಂತ ದೊಡ್ಡದು ಅನ್ನುವುದು ಅವರಿಗೆ ಗೊತ್ತು. ಆದ್ದರಿಂದ ಬಿಂದುವಿನ ಆಚೆ ಕಡಿಮೆ ಅಂಕಿ ಇರುವ ಸಂಖ್ಯೆಯೇ ಯಾವಾಗಲೂ ದೊಡ್ಡದು ಅಂದುಕೊಳ್ಳುತ್ತಾರೆ. ಇವರು ಮೊದಲನೆಯದಕ್ಕೆ 0.4 ಅಂತ ಸರಿಯಾಗಿ ಹೇಳುತ್ತಾರೆ. ಎರಡನೆಯದಕ್ಕೆ 0.5 ಅಂತ ಬರೆದು ತಪ್ಪುತ್ತಾರೆ.

ಈಗ ಇಬ್ಬರಿಗೂ ಅಂಕ ಹಾಕಿ ನೋಡಿ. ಇವರಿಗೂ ಎರಡಕ್ಕೆ ಒಂದು, ಅವರಿಗೂ ಎರಡಕ್ಕೆ ಒಂದು. ರಿಜಿಸ್ಟರಿನಲ್ಲಿ ಇಬ್ಬರೂ ಒಂದೇ. ತಲೆಯೊಳಗೆ ಮಾತ್ರ ಪೂರ್ತಿ ವಿರುದ್ಧ. ಮೊದಲನೇ ಪ್ರಶ್ನೆ ಒಂದನ್ನೇ ಕೇಳಿದ್ದರೆ ಇನ್ನೂ ಕಷ್ಟ, ಎರಡನೇ ಗುಂಪಿನ ಮಕ್ಕಳು ಪಾಠ ಅರ್ಥವಾದವರ ಸಾಲಿನಲ್ಲೇ ಸೇರಿಬಿಡುತ್ತಿದ್ದರು.

ಹಾಗಾಗಿ ಚೀಟಿಗಳಿಗೆ ಅಂಕ ಹಾಕಬೇಡಿ. ಮೂರು ಗುಂಪು ಮಾಡಿ. ಎರಡೂ ಸರಿ ಇರುವವರದ್ದು ಒಂದು, ಮೊದಲನೆಯದು ಮಾತ್ರ ತಪ್ಪಿದವರದ್ದು ಒಂದು, ಎರಡನೆಯದು ಮಾತ್ರ ತಪ್ಪಿದವರದ್ದು ಇನ್ನೊಂದು. ಎರಡೂ ತಪ್ಪಿದ ಒಂದೆರಡು ಚೀಟಿ ಸಿಕ್ಕರೆ ಬೇರೆ ಇಟ್ಟು, ಆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೇಳಿ. ನಲವತ್ತು ಚೀಟಿ ವಿಂಗಡಿಸಲು ಜಾಸ್ತಿ ಹೊತ್ತು ಬೇಡ. ಕೆಳಗೆ ಬರೆದ ಕಾರಣವನ್ನು ಮಾತ್ರ ಓದಲೇಬೇಕು. ಎರಡೂ ಸರಿ ಬರೆದವರಲ್ಲೂ ಊಹೆ ಮಾಡಿದವರು ಇರುತ್ತಾರೆ, ಅವರನ್ನು ತೋರಿಸುವುದು ಆ ಒಂದು ಸಾಲೇ.

ಮರುದಿನ ನೂರು ಚೌಕಗಳ ಹಾಳೆ ತನ್ನಿ. ಹತ್ತು ಕಂಬಸಾಲು, ಒಂದೊಂದರಲ್ಲಿ ಹತ್ತು ಚೌಕ. ಮೊದಲನೇ ಪ್ರಶ್ನೆ ತಪ್ಪಿದವರು 0.4ಕ್ಕೆ ನಾಲ್ಕು ಪೂರ್ತಿ ಕಂಬಸಾಲು ಬಣ್ಣ ಹಚ್ಚಲಿ. 0.35ಕ್ಕೆ ಮೂರು ಕಂಬಸಾಲು, ಮೇಲೆ ಐದು ಚೌಕ. 4 ಅನ್ನುವ ಅಂಕಿ ನಲವತ್ತು ಚೌಕವಾಗಿದ್ದು ಅವರ ಕಣ್ಣಿಗೇ ಬೀಳುತ್ತದೆ. ಎರಡನೇ ಪ್ರಶ್ನೆ ತಪ್ಪಿದವರಿಗೆ ಕೇಳಬೇಕಾದದ್ದು ಬೇರೆ: 0.62ರಲ್ಲಿ ಪೂರ್ತಿ ಕಂಬಸಾಲು ಎಷ್ಟು? ಆರು. 0.5ರಲ್ಲಿ? ಐದು. ಹಾಗಾದರೆ ಉಳಿದ ಎರಡು ಚೌಕ ನೋಡುವ ಮೊದಲೇ ಉತ್ತರ ಸಿಕ್ಕಿತು, ಅಲ್ವಾ?

ಇಲ್ಲಿ ಒಂದು ಅಡ್ಡದಾರಿ ಇದೆ, ಹೊಸ ಶಿಕ್ಷಕರು ಅದರಲ್ಲಿ ಸುಲಭವಾಗಿ ಸಿಕ್ಕಿಕೊಳ್ಳುತ್ತಾರೆ. 0.4ರ ಮುಂದೆ ಸೊನ್ನೆ ಹಾಕಿ 0.40 ಮಾಡು, ಆಮೇಲೆ ಹೋಲಿಸು ಅಂತ ಹೇಳಿಕೊಡುವುದು. ಮೊದಲನೇ ಪ್ರಶ್ನೆ ತಪ್ಪಿದವರು ತಕ್ಷಣ ಸರಿ ಉತ್ತರ ಕೊಡುತ್ತಾರೆ. ಆದರೆ ಆ ಮಕ್ಕಳು ಈಗಲೂ 40 ಮತ್ತು 35 ಅನ್ನುವ ಪೂರ್ಣ ಸಂಖ್ಯೆಗಳನ್ನೇ ಹೋಲಿಸುತ್ತಿದ್ದಾರೆ. ತಪ್ಪು ಕಲ್ಪನೆ ಹಾಗೇ ಇದೆ, ಮೇಲೆ ಸರಿ ಉತ್ತರ ಬಂದು ಕೂತಿದೆ. ಅದಕ್ಕೇ ಎರಡು ದಿನ ಬಿಟ್ಟು ಬೇರೆ ಸಂಖ್ಯೆಗಳಿಂದ ಮತ್ತೆ ಕೇಳಬೇಕು. 0.7 ಮತ್ತು 0.48 ಒಂದು, 0.3 ಮತ್ತು 0.36 ಇನ್ನೊಂದು. ಜೊತೆಗೆ, 0.4ರಲ್ಲಿರುವ 4 ಏನನ್ನು ಹೇಳುತ್ತದೆ ಅಂತ ಬಾಯಲ್ಲೇ ಹೇಳಿಸಿ. ಹೀಗೆ ಮತ್ತೆ ಕೇಳದೆ ಬಿಟ್ಟರೆ, ನಿನ್ನೆ ಮಾಡಿದ ಪಾಠ ತಲುಪಿತೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ.

ಇದೇ ಎರಡು ಪ್ರಶ್ನೆಗಳನ್ನು ವರ್ಷದ ಕೊನೆಯ ಪತ್ರಿಕೆಯಲ್ಲಿ ಹಾಕಿ. ಅಲ್ಲಿ ಅಂಕ ಬೇಕು. ಎಲ್ಲರಿಗೂ ಒಂದೇ ಪತ್ರಿಕೆ, ಒಂದೇ ಸಮಯ, ಒಂದೇ ಅಂಕಸೂಚಿ ಇರಬೇಕು. ವರ್ಷವಿಡೀ ಕಲಿಸಿದ ಎಲ್ಲದರಿಂದಲೂ ಪ್ರಶ್ನೆ ಬರಬೇಕು, ಅದಕ್ಕೇ ಮೊದಲು ನೀಲನಕ್ಷೆ ಹಾಕಿ ಯಾವ ಪಾಠಕ್ಕೆ ಎಷ್ಟು ಅಂಕ ಅಂತ ನಿಗದಿ ಮಾಡುತ್ತೇವೆ. ಯಾವ ಅಧ್ಯಾಯದಿಂದ ಬರುತ್ತದೆ ಅಂತ ಮಕ್ಕಳಿಗೆ ಮೊದಲೇ ತಿಳಿಸಿರಬೇಕು. ಪರೀಕ್ಷೆಯ ನಡುವೆ ಸುಳಿವು ಕೊಡುವಂತಿಲ್ಲ. ಚೀಟಿಯ ವಿಷಯದಲ್ಲಿ ಇದ್ಯಾವುದೂ ಬೇಡ, ಮಗು ತಡವರಿಸಿದರೆ ಅಲ್ಲೇ ಇನ್ನೊಂದು ಪ್ರಶ್ನೆ ಕೇಳಬಹುದು. ಸಂಕಲನಾತ್ಮಕ ಪರೀಕ್ಷೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವರ್ಷದಲ್ಲಿ ಮಗು ಎಲ್ಲಿಗೆ ಬಂದು ಮುಟ್ಟಿದೆ ಅಂತ ಪೋಷಕರಿಗೆ ಗೊತ್ತಾಗಲೇಬೇಕು, ಮುಂದಿನ ಶಿಕ್ಷಕರಿಗೂ ಬೇಕು. ಆದರೆ ಯಾವ ಮಗು ಯಾಕೆ ತಪ್ಪಿತು ಅಂತ ಹೇಳುವ ಕೆಲಸ ಆ ಒಟ್ಟು ಅಂಕದಿಂದ ಆಗುವುದಿಲ್ಲ.

ಎರಡನ್ನೂ ಒಟ್ಟಿಗೆ ಮಾಡಿಬಿಡೋಣ, ಚೀಟಿಗೂ ಅಂಕ ಹಾಕಿ ಪಕ್ಕದಲ್ಲಿ ಸಲಹೆಯನ್ನೂ ಬರೆಯೋಣ ಅಂತ ಅನ್ನಿಸಬಹುದು. 1988ರಲ್ಲಿ ರೂತ್ ಬಟ್ಲರ್ ಇದನ್ನೇ ಪರೀಕ್ಷಿಸಿದರು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಸಲಹೆ ಮಾತ್ರ, ಇನ್ನು ಕೆಲವರಿಗೆ ಎರಡೂ. ಸಲಹೆ ಮಾತ್ರ ಸಿಕ್ಕವರು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಎರಡೂ ಸಿಕ್ಕವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಂಡ ಕೂಡಲೇ ಮಗು ಪಕ್ಕದವರಿಗೆ ಎಷ್ಟು ಅಂತ ಇಣುಕಿ ನೋಡುವುದನ್ನು ಯಾವ ತರಗತಿಯಲ್ಲಾದರೂ ಕಾಣಬಹುದು. ಪಕ್ಕದಲ್ಲಿ ಬರೆದ ಸಾಲು ಅಲ್ಲೇ ಉಳಿಯುತ್ತದೆ.

ಇನ್ನೊಂದು ನಿಜವನ್ನೂ ಹೇಳಬೇಕು. ಪ್ರತಿ ಪಾಠಕ್ಕೂ ಹೀಗೆ ಚೀಟಿ ಮಾಡಲು ಯಾರಿಗೂ ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಮುಂದಿನ ಪಾಠವೆಲ್ಲ ಯಾವ ವಿಷಯದ ಮೇಲೆ ನಿಂತಿದೆಯೋ ಅಲ್ಲಿ ಮಾಡಿ. ಪ್ರಶ್ನೆ ಬರೆಯುವ ಮೊದಲು, ತಪ್ಪಾಗಿ ತಿಳಿದುಕೊಂಡ ಮಗು ಇದಕ್ಕೆ ಏನು ಬರೆಯುತ್ತದೆ ಅಂತ ಯೋಚಿಸಿ. ಆ ಮಗುವೂ ಸರಿ ಉತ್ತರವನ್ನೇ ಬರೆಯುತ್ತದೆ ಅನ್ನಿಸಿದರೆ ಸಂಖ್ಯೆಗಳನ್ನು ಬದಲಾಯಿಸಿ.